ಕನಿಷ್ಠ ಕೂಲಿ, ಬಸ್ಸು, ಸಂಘ: ಯಾವ ಊರಿನವರು ಮೊದಲು ಯಾವುದನ್ನು ಕೇಳಬೇಕು?

ಮದ್ದೂರಿನ ಹತ್ತಿರ ಒಂದು ಗಾರ್ಮೆಂಟ್ಸ್ ಗೇಟಿಗೆ ‘ಟೈಲರ್‌ಗಳು ಬೇಕಾಗಿದ್ದಾರೆ’ ಅಂತ ಬೋರ್ಡ್ ಹಾಕಿದ್ದಾರೆ. ನಾನು ಮಂಡ್ಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ವಾರಕ್ಕೆ ಎರಡು ಸಲವಾದರೂ ಆ ದಾರಿಯಲ್ಲಿ ಓಡಾಡುತ್ತೇನೆ. ಎರಡು ವರ್ಷದಿಂದ ಆ ಬೋರ್ಡ್ ಇಳಿದಿಲ್ಲ. ಬಿಸಿಲಿಗೆ ಕೆಂಪು ಅಕ್ಷರ ತಿಳಿ ಗುಲಾಬಿಯಾಗಿದೆ. ಒಳಗೆ ಕೆಲಸ ಮಾಡುವ ಪರಿಚಯದ ಅಕ್ಕ ಒಬ್ಬರನ್ನು ಕೇಳಿದೆ: “ಜನ ಸಿಗ್ತಿಲ್ಲ ಅಂದ್ರೆ ಸಂಬಳ ಜಾಸ್ತಿ ಮಾಡಬಹುದಲ್ವಾ ಅಕ್ಕ?”

“ಮಾಡಕಿಲ್ಲ ಕಣ್ ಮೇಷ್ಟ್ರೇ. ಹೊಸಬ್ರಿಗೆ ಜಾಸ್ತಿ ಕೊಟ್ರೆ ಹಳಬ್ರು ನಾವು ಸುಮ್ನಿರ್ತೀವಾ? ಎಲ್ಲಾರ್ಗೂ ಕೊಡ್ಬೇಕಾಯ್ತದೆ” ಅಂದರು.

ನಾನು ಒಂದು ಸೆಮಿಸ್ಟರ್ ಪೂರ್ತಿ ಹೇಳುವ ಪಾಠವನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು.

ಅವರ ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಈಗ ಒಂದು ಚರ್ಚೆ ನಡೆದಿದೆ. ಶಾಸಕರಿಗೂ ಕಾರ್ಮಿಕ ಇಲಾಖೆಗೂ ಮನವಿ ಕೊಡಬೇಕು. ಏನು ಕೇಳುವುದು? ಕನಿಷ್ಠ ಕೂಲಿ ಏರಿಸಿ ಅನ್ನುವುದಾ? ಬೆಂಗಳೂರಿನ ದರವನ್ನೇ ನಮಗೂ ಕೊಡಿ ಅನ್ನುವುದಾ? ಬೆಳಿಗ್ಗೆ ಒಂದು ಬಸ್ಸು ಬಿಡಿ ಅನ್ನುವುದಾ? ಅಥವಾ ಯಾರನ್ನೂ ಕೇಳದೆ ಕಾರ್ಖಾನೆಯೊಳಗೆ ಯೂನಿಯನ್ ಕಟ್ಟುವುದಾ? ಕೂಲಿ ಏರಿದರೆ ಕಾರ್ಖಾನೆ ಮುಚ್ಚಿಕೊಂಡು ಹೋಗುತ್ತದೆ ಅನ್ನುವ ಹೆದರಿಕೆ ಅರ್ಧ ಜನರಿಗಿದೆ. ಇದೇ ಪ್ರಶ್ನೆಯನ್ನು ಮೈಸೂರಿನ ಹೋಟೆಲ್ ಕೆಲಸದವರೂ ಕೇಳಿದ್ದಾರೆ, ಎಂಟು ಮಷೀನ್ ಇಟ್ಟುಕೊಂಡಿರುವ ನನ್ನ ಹಳೇ ವಿದ್ಯಾರ್ಥಿಯೂ ಕೇಳಿದ್ದಾನೆ. ಎಲ್ಲರಿಗೂ ಒಂದೇ ಉತ್ತರ ಇಲ್ಲ. ಯಾರಿಗೆ ಯಾವುದು ಅಂತ ಅಳೆಯುವ ಬಗೆಯನ್ನು ಹೇಳುತ್ತೇನೆ.

ಏನನ್ನು ಅಳೆಯಬೇಕು

ಮೊದಲ ಅಳತೆ: ನಿಮ್ಮ ಕಡೆ ಕೂಲಿ ಕೊಡುವವರಿಗೆ ಎಷ್ಟು ಬಲ ಇದೆ. ಎರಡನೆಯದು: ಅವರ ಕೈಯಲ್ಲಿ ಕೊಡುವುದಕ್ಕೆ ನಿಜವಾಗಿ ಎಷ್ಟು ಜಾಗ ಇದೆ. ಮೂರನೆಯದು: ಕಾಗದದ ಮೇಲೆ ಬಂದದ್ದು ಕೈಗೆ ಬರುವಂತೆ ನೋಡಿಕೊಳ್ಳುವವರು ಯಾರು. ಈ ಮೂರರಲ್ಲಿ ಮೊದಲನೆಯದನ್ನೇ ನಮ್ಮ ಚರ್ಚೆಗಳಲ್ಲಿ ಮರೆಯುತ್ತಾರೆ. ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಂಡ್ಯದವರಿಗೆ ಇದು ಕಬ್ಬಿನಿಂದಲೇ ಗೊತ್ತು. ಕಡಿದ ಕಬ್ಬು ಕಾಯುವುದಿಲ್ಲ. ಒಂದೊಂದು ದಿನಕ್ಕೂ ತೂಕ ಇಳಿಯುತ್ತದೆ. ದೂರ ಸಾಗಿಸಿದರೆ ಬಾಡಿಗೆಯೇ ನುಂಗುತ್ತದೆ. ಮೇಲಾಗಿ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಒಂದೊಂದು ಕಾರ್ಖಾನೆಗೆ ಇಂತಿಷ್ಟು ಪ್ರದೇಶ ಅಂತ ಮೀಸಲಿಡುವುದಕ್ಕೆ ಅವಕಾಶ ಇದೆ. ಬೆಳೆಯುವವರು ಸಾವಿರಾರು ಜನ, ಕೊಳ್ಳುವವರು ಒಬ್ಬರೇ. ಅದಕ್ಕೇ ಸರ್ಕಾರ ಎಫ್‌ಆರ್‌ಪಿ ಅಂತ ಬೆಲೆಗೆ ಒಂದು ತಳ ಕಟ್ಟಿದೆ. ಆ ತಳ ಬಿಟ್ಟರೆ ರೈತನಿಗೆ ಇರುವ ಇನ್ನೊಂದು ಬಲ ಆಲೆಮನೆ. ಬೆಲ್ಲಕ್ಕೆ ರೇಟು ಬಂದ ವರ್ಷ ಕಬ್ಬು ಆಲೆಮನೆ ಕಡೆಗೆ ತಿರುಗುತ್ತದೆ, ಆಗ ಕಬ್ಬಿಗಾಗಿ ಕಾರ್ಖಾನೆ ಕಾಯಬೇಕು. ಆಲೆಮನೆ ಇಲ್ಲದ ಊರಲ್ಲಿ ಕಾರ್ಖಾನೆಗಾಗಿ ರೈತ ಕಾಯಬೇಕು.

ದುಡಿಮೆಯೂ ಹಾಗೆಯೇ. ಇವತ್ತಿನ ದಿನವನ್ನು ಎತ್ತಿಟ್ಟು ನಾಳೆ ಮಾರುವುದಕ್ಕಾಗುವುದಿಲ್ಲ. ದುಡಿಮೆಯನ್ನು ಕೊಳ್ಳುವವರು ಒಬ್ಬರೇ ಅಥವಾ ಕೆಲವೇ ಜನ ಇರುವ ಸ್ಥಿತಿಗೆ ಅರ್ಥಶಾಸ್ತ್ರದಲ್ಲಿ ಮೊನಾಪ್ಸನಿ ಅನ್ನುತ್ತಾರೆ. ಕೇಂಬ್ರಿಡ್ಜ್‌ನ ಜೋನ್ ರಾಬಿನ್ಸನ್ 1933ರಲ್ಲಿ ಈ ಮಾತನ್ನು ಬಳಕೆಗೆ ತಂದರು. ಗ್ರೀಕ್ ಬಲ್ಲ ಹಾಲ್‌ವರ್ಡ್ ಅನ್ನುವ ಪಂಡಿತರ ನೆರವಿನಿಂದ ಕಟ್ಟಿದ ಪದ ಅದು. ಅದೇ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯೂ ಶುರುವಾಯಿತು. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿಗಳು ಆ ಪದವನ್ನು ಮರೆಯುವುದಿಲ್ಲ.

ಊರಿಗೆ ಒಂದೇ ಕಾರ್ಖಾನೆ ಇದ್ದರೆ ಮಾತ್ರ ಮೊನಾಪ್ಸನಿ ಅಂತಲ್ಲ. ಬ್ರಿಟನ್ನಿನ ಅಲನ್ ಮ್ಯಾನಿಂಗ್ ಇಪ್ಪತ್ತು ವರ್ಷಗಳ ಹಿಂದೆ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. ನಾಲ್ಕು ಕಾರ್ಖಾನೆ ಇದ್ದರೂ ನಮ್ಮ ಅಕ್ಕನಿಗೆ ಹೋಗುವುದಕ್ಕಾಗುವುದು ಒಂದಕ್ಕೇ, ಯಾಕೆಂದರೆ ಊರಿಗೆ ಬರುವುದು ಅದೊಂದರ ವ್ಯಾನು. ಸಂಜೆ ಆರೂವರೆಗೆ ಮನೆ ಸೇರಬೇಕು, ಹಸು ಕರೆಯಬೇಕು, ಮಗಳನ್ನು ಟ್ಯೂಷನ್ನಿನಿಂದ ಕರೆತರಬೇಕು. ನಕಾಶೆಯಲ್ಲಿ ನಾಲ್ಕು ಕಾರ್ಖಾನೆ, ಅವರ ಬದುಕಿನಲ್ಲಿ ಒಂದು. ವ್ಯಾನ್ ಸೌಕರ್ಯವೂ ಹೌದು, ಹಗ್ಗವೂ ಹೌದು.

ಹನ್ನೊಂದು ಜನರ ಲೆಕ್ಕ

ಬೋರ್ಡ್ ಯಾಕೆ ಇಳಿಯುವುದಿಲ್ಲ ಅನ್ನುವುದನ್ನು ಒಂದು ಚಿಕ್ಕ ಲೆಕ್ಕದಲ್ಲಿ ನೋಡೋಣ. ಅಂಕಿ ನಾನೇ ಇಟ್ಟುಕೊಂಡದ್ದು, ಸುಲಭವಾಗಲಿ ಅಂತ.

ಒಂದು ಪುಟ್ಟ ಘಟಕ. ಒಬ್ಬ ಟೈಲರ್ ದಿನಕ್ಕೆ ಹೊಲಿದದ್ದರಲ್ಲಿ ಬಟ್ಟೆ, ಕರೆಂಟು, ಬಾಡಿಗೆ ಎಲ್ಲ ಕಳೆದು ₹520 ಉಳಿಯುತ್ತದೆ. ದಿನಕ್ಕೆ ₹400 ಕೊಟ್ಟರೆ ಹತ್ತಿರದ ಹತ್ತು ಜನ ಬರುತ್ತಾರೆ. ಹನ್ನೊಂದನೆಯವರು ಸ್ವಲ್ಪ ದೂರದವರು, ₹410 ಕೊಟ್ಟರೆ ಮಾತ್ರ ಬರುತ್ತಾರೆ. ಹನ್ನೆರಡನೆಯವರು ₹420ಕ್ಕೆ. ಹೀಗೆ ಒಬ್ಬೊಬ್ಬರಿಗೂ ಹತ್ತು ರೂಪಾಯಿ ಏರುತ್ತದೆ. ಒಂದೇ ಲೈನಿನಲ್ಲಿ ಕೂತವರಿಗೆ ಬೇರೆ ಬೇರೆ ಕೂಲಿ ಕೊಡುವುದಕ್ಕಾಗುವುದಿಲ್ಲ, ಅಕ್ಕ ಹೇಳಿದ ಹಾಗೆ.

ಹತ್ತು ಜನಕ್ಕೆ ಒಟ್ಟು ಕೂಲಿ ₹4,000. ಹನ್ನೊಂದು ಜನಕ್ಕೆ, ತಲೆಗೆ ₹410ರಂತೆ, ₹4,510. ಅಂದರೆ ಹನ್ನೊಂದನೆಯವರು ಬಂದದ್ದರಿಂದ ಮಾಲೀಕರಿಗೆ ಬಿದ್ದ ಖರ್ಚು ₹410 ಅಲ್ಲ, ₹510. ಅವರಿಂದ ಬರುವುದು ₹520, ಹಾಗಾಗಿ ಹತ್ತು ರೂಪಾಯಿ ಲಾಭ, ಸೇರಿಸಿಕೊಳ್ಳುತ್ತಾರೆ. ಹನ್ನೆರಡನೆಯವರು ಬಂದರೆ ಒಟ್ಟು ₹5,040. ಹೆಚ್ಚುವರಿ ಖರ್ಚು ₹530. ಬರುವುದು ₹520. ಬೇಡ.

ಈಗ ನೋಡಿ. ಮಾಲೀಕರು ಹನ್ನೊಂದಕ್ಕೆ ನಿಲ್ಲುತ್ತಾರೆ, ದಿನದ ಲಾಭ ₹1,210. ₹410ಕ್ಕೇ ಇನ್ನೊಬ್ಬರು ಬಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ, ಅವರಿಂದ ₹110 ಉಳಿಯುತ್ತದಲ್ಲ. ಆದರೆ ಆ ಕೂಲಿಗೆ ಯಾರೂ ಬರುವುದಿಲ್ಲ. ಹೀಗಾಗಿ ಬೋರ್ಡ್ ತೂಗುತ್ತಲೇ ಇರುತ್ತದೆ, ಕೂಲಿ ಏರುವುದಿಲ್ಲ. ಇದರಲ್ಲಿ ಮಾಲೀಕರು ಕೆಟ್ಟವರು ಅಂತೇನಿಲ್ಲ. ಅವರ ಜಾಗದಲ್ಲಿ ಯಾರು ಕೂತರೂ ಲೆಕ್ಕ ಇದನ್ನೇ ಹೇಳುತ್ತದೆ.

ಸರ್ಕಾರ ಈಗ ₹450 ಕನಿಷ್ಠ ಕೂಲಿ ಅಂತ ಹೇಳಿತು ಅನ್ನಿ. ₹450ಕ್ಕೆ ಹದಿನೈದು ಜನ ಬರಲು ತಯಾರಿದ್ದಾರೆ. ಹನ್ನೆರಡನೆಯವರನ್ನು ತೆಗೆದುಕೊಂಡರೂ ಹಳಬರ ಕೂಲಿ ಏರುವುದಿಲ್ಲ, ಅದು ಆಗಲೇ ₹450ಕ್ಕೆ ಬಂದು ನಿಂತಿದೆ. ಒಬ್ಬೊಬ್ಬರಿಂದಲೂ ₹70 ಉಳಿಯುತ್ತದೆ. ಹದಿನೈದೂ ಜನರನ್ನು ತೆಗೆದುಕೊಳ್ಳುತ್ತಾರೆ. ಕೂಲಿ ₹410ರಿಂದ ₹450ಕ್ಕೆ ಏರಿತು, ಕೆಲಸ ಹನ್ನೊಂದರಿಂದ ಹದಿನೈದಕ್ಕೆ ಏರಿತು. ಇಳಿದದ್ದು ಲಾಭ ಮಾತ್ರ: ₹1,210ರಿಂದ ₹1,050ಕ್ಕೆ. ಕೂಲಿ ಏರಿದರೆ ಕೆಲಸ ಹೋಗುತ್ತದೆ ಅನ್ನುವ ಮಾತು ಇಲ್ಲಿ ತಿರುಗಿ ನಿಂತಿತು.

ಆದರೆ ಕೂಲಿಯನ್ನು ₹530 ಮಾಡಿದರೆ? ಒಬ್ಬೊಬ್ಬರ ಮೇಲೂ ಹತ್ತು ರೂಪಾಯಿ ನಷ್ಟ. ಬಾಗಿಲು ಹಾಕುತ್ತಾರೆ. ಹದಿನೈದೂ ಹೋಯಿತು, ಹನ್ನೊಂದೂ ಹೋಯಿತು. ನಿಜವಾದ ಕಾರ್ಖಾನೆಯಲ್ಲಿ ಎಲ್ಲರ ಗಳಿಕೆ ಒಂದೇ ಇರುವುದಿಲ್ಲ, ಜನ ಹೆಚ್ಚಿದಂತೆ ಒಬ್ಬೊಬ್ಬರಿಂದ ಬರುವುದು ಕಡಿಮೆಯಾಗುತ್ತದೆ. ಹಾಗಾಗಿ ತೊಂದರೆ ₹520ಕ್ಕಿಂತ ಮೊದಲೇ ಶುರುವಾಗುತ್ತದೆ. ಇಡೀ ವಾದ ನಿಂತಿರುವುದು ₹410 ಮತ್ತು ₹520ರ ನಡುವಿನ ಆ ಅಂತರದ ಮೇಲೆ. ಕೊಳ್ಳುವವರು ತುಂಬಾ ಜನ ಇರುವ ಕಡೆ ಈ ಅಂತರವೇ ಇರುವುದಿಲ್ಲ, ಒಬ್ಬರು ₹410 ಕೊಟ್ಟರೆ ಪಕ್ಕದವರು ₹430 ಕೊಟ್ಟು ಎಳೆದುಕೊಳ್ಳುತ್ತಾರೆ. ಅಲ್ಲಿ ಕನಿಷ್ಠ ಕೂಲಿ ದೊಡ್ಡದಾಗಿ ಏರಿದರೆ ಕೆಲಸಕ್ಕೇ ಪೆಟ್ಟು.

ಇದು ಬರೀ ಕಾಗದದ ಲೆಕ್ಕ ಅಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಗಂಟೆಗೆ 4.25 ಡಾಲರ್ ಇದ್ದ ಕನಿಷ್ಠ ಕೂಲಿಯನ್ನು 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲ್‌ಗಳನ್ನು ಏರಿಕೆಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಮ್ಮಿ ಆಗಿರಲಿಲ್ಲ. ಊಟದ ಬೆಲೆ ಮಾತ್ರ ಸ್ವಲ್ಪ ಏರಿತ್ತು. ನ್ಯೂಮಾರ್ಕ್, ವಾಷರ್ ಎಂಬ ಇಬ್ಬರು ಸಂಬಳದ ದಾಖಲೆ ಹಿಡಿದು ಇದನ್ನು ಗಟ್ಟಿಯಾಗಿ ಪ್ರಶ್ನಿಸಿದರು. ಆ ಜಗಳ ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ. ಸಿಯಾಟಲ್ ನಗರ ಕೂಲಿಯನ್ನು 13 ಡಾಲರಿಗೆ ಏರಿಸಿದಾಗ ಕಮ್ಮಿ ಸಂಬಳದವರ ಕೆಲಸದ ಗಂಟೆಗಳು ಇಳಿದವು ಅಂತ ಅಲ್ಲಿನ ವಿಶ್ವವಿದ್ಯಾಲಯದ ತಂಡವೇ 2017ರಲ್ಲಿ ವರದಿ ಕೊಟ್ಟಿತು. ನನಗೆ ಈ ಎರಡು ಉತ್ತರಗಳು ಒಂದಕ್ಕೊಂದು ವಿರುದ್ಧ ಅನ್ನಿಸುವುದಿಲ್ಲ. ಅಂತರ ಎಷ್ಟಿತ್ತು, ಏರಿಕೆ ಎಷ್ಟಿತ್ತು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನಿಮ್ಮ ಊರಲ್ಲಿ ಅಂತರ ಇದೆಯಾ ಅಂತ ತಿಳಿಯುವುದು ಹೇಗೆ

ಪುಸ್ತಕದ ರೀತಿ ಹೀಗಿದೆ: ಸಂಬಳ ನೂರಕ್ಕೆ ಹತ್ತು ಕಮ್ಮಿ ಮಾಡಿದರೆ ಕೊನೆಗೆ ಎಷ್ಟು ಜನ ಬಿಟ್ಟು ಹೋಗುತ್ತಾರೆ? ನೂರಕ್ಕೆ ಇಪ್ಪತ್ತು ಜನ ಮಾತ್ರ ಬಿಟ್ಟರೆ, ಅವರು ಗಳಿಸಿಕೊಡುವ ಪ್ರತಿ ಮೂರು ರೂಪಾಯಿಯಲ್ಲಿ ಎರಡು ಮಾತ್ರ ಅವರ ಕೈಗೆ ಬರುತ್ತಿದೆ ಅಂತ ಲೆಕ್ಕ. ಹತ್ತು ಇಳಿಸಿದ ಕೂಡಲೇ ಎಲ್ಲರೂ ಎದ್ದು ಹೋಗುವಂತಿದ್ದರೆ, ಹನ್ನೊಂದು ರೂಪಾಯಿಯಲ್ಲಿ ಹತ್ತು ಅವರಿಗೇ ಸಿಗುತ್ತಿದೆ.

ಸಂಬಳ ಇಳಿಸಿ ಪರೀಕ್ಷೆ ಮಾಡುವುದಕ್ಕಾಗುವುದಿಲ್ಲ ನಿಜ. ಆದರೆ ಬದುಕು ಆ ಪರೀಕ್ಷೆಯನ್ನು ಆಗಾಗ ತಾನೇ ಮಾಡುತ್ತದೆ. ಸಂಬಳ ಎರಡು ವಾರ ತಡವಾದಾಗ, ಅಟೆಂಡೆನ್ಸ್ ಬೋನಸ್ ತೆಗೆದುಹಾಕಿದಾಗ, ಟಾರ್ಗೆಟ್ ಏರಿಸಿದಾಗ ಎಷ್ಟು ಜನ ಬಿಟ್ಟರು? ಅಕ್ಕನ ಬ್ಯಾಚಿನಲ್ಲಿ ನಲವತ್ತು ಜನ. ಗಂಟೆಗೆ ಐದು ಪೀಸ್ ಜಾಸ್ತಿ ಕೇಳಿದ ತಿಂಗಳು ಮೂವರು ಬಿಟ್ಟರಂತೆ. “ಎಲ್ಲಿಗ್ ಹೋಗಾನ ಮೇಷ್ಟ್ರೇ” ಅಂದರು. ಅದೇ ಉತ್ತರ.

ಬೇರೆ ಗುರುತುಗಳೂ ಇವೆ. ಬೋರ್ಡ್ ವರ್ಷಗಟ್ಟಲೆ ತೂಗುತ್ತದೆಯೇ ಹೊರತು ಕೂಲಿ ಕದಲುವುದಿಲ್ಲ. ಹತ್ತು ವರ್ಷ ಹೊಲಿದವರಿಗೂ ಆರು ತಿಂಗಳು ಹೊಲಿದವರಿಗೂ ಕೈಗೆ ಬರುವುದು ಹೆಚ್ಚುಕಮ್ಮಿ ಒಂದೇ. ಎಲ್ಲರ ಸಂಬಳವೂ ಸರ್ಕಾರದ ದರದ ಮೇಲೇ ಸರಿಯಾಗಿ ಕೂತಿದೆ, ಒಂದು ರೂಪಾಯಿ ಆಚೆ ಇಲ್ಲ. ಒಂದು ಕಾರ್ಖಾನೆ ಬಿಟ್ಟವರನ್ನು ರಿಲೀವಿಂಗ್ ಲೆಟರ್ ಇಲ್ಲದೆ ಇನ್ನೊಂದು ಸೇರಿಸಿಕೊಳ್ಳುವುದಿಲ್ಲ. ಇದರಲ್ಲಿ ಮೂರು ನಿಮ್ಮ ಕಡೆ ನಿಜವಾದರೆ ನೀವಿರುವುದು ಮೊನಾಪ್ಸನಿ ಊರಲ್ಲೇ.

ಈಗ ನಾಲ್ಕು ದಾರಿಗಳನ್ನು ಒಂದೊಂದಾಗಿ ನೋಡೋಣ.

ಕನಿಷ್ಠ ಕೂಲಿ ಏರಿಸಿ ಅಂತ ಕೇಳುವುದು

ಮೊನಾಪ್ಸನಿ ಊರಿಗೆ ಇದು ನೇರವಾದ ಮದ್ದು. ಒಬ್ಬೊಬ್ಬರೇ ಹೋಗಿ ಕೇಳುವ ಕಷ್ಟ ಇಲ್ಲ. ಲೆಕ್ಕದಲ್ಲಿ ನೋಡಿದ ಹಾಗೆ ಕೆಲಸವೂ ಹೆಚ್ಚಬಹುದು. ಕರ್ನಾಟಕದಲ್ಲಿ ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿಸುತ್ತಾರೆ. ಆದರೆ ಅದು ಬೆಲೆ ಏರಿಕೆಯನ್ನು ಹಿಂಬಾಲಿಸುವುದಷ್ಟೇ. ₹410ರ ತಳ ₹410ರ ಬೆಲೆಯಲ್ಲೇ ಉಳಿಯುತ್ತದೆ. ಅಂತರ ಮುಚ್ಚಬೇಕಾದರೆ ಮೂಲ ದರವೇ ಪರಿಷ್ಕರಣೆ ಆಗಬೇಕು. 1948ರ ಕಾನೂನೂ, ಅದರ ಜಾಗಕ್ಕೆ ತಂದ 2019ರ ವೇತನ ಸಂಹಿತೆಯೂ ಐದು ವರ್ಷದ ಒಳಗೆ ಪರಿಷ್ಕರಣೆ ಮಾಡಬೇಕು ಅನ್ನುತ್ತವೆ.

ಎರಡು ಕಡೆ ಎಚ್ಚರ ಬೇಕು. ಒಂದು, ಗಾರ್ಮೆಂಟ್ಸ್ ಮಾಲೀಕರ ತಲೆಯ ಮೇಲೂ ಇನ್ನೊಬ್ಬ ಕೊಳ್ಳುವವನು ಕೂತಿರುತ್ತಾನೆ. ಹೊರದೇಶದ ಬ್ರ್ಯಾಂಡ್‌ಗಳು ಕೆಲವೇ, ಹೊಲಿದು ಕೊಡುವ ಕಾರ್ಖಾನೆಗಳು ಸಾವಿರಾರು. ಪೀಸಿನ ರೇಟು ಅವರು ಹೇಳಿದ್ದು. ಕೆಲಸದವರ ಮುಂದೆ ಬಲ ಇರುವ ಮಾಲೀಕರು ಬ್ರ್ಯಾಂಡ್ ಮುಂದೆ ನಮ್ಮ ಅಕ್ಕನ ಹಾಗೆಯೇ ಕೈಕಟ್ಟಿ ನಿಂತಿರಬಹುದು. ಆಗ ₹520 ಅನ್ನುವ ಆ ಮೇಲಿನ ಗೆರೆ ನಾವು ಅಂದುಕೊಂಡದ್ದಕ್ಕಿಂತ ಕೆಳಗಿರುತ್ತದೆ. ಇದನ್ನು ಹೊರಗಿನಿಂದಲೇ ಊಹಿಸಬಹುದು. ಹೊಸ ಲೈನ್ ಹಾಕುತ್ತಿದ್ದಾರೆ, ವ್ಯಾನ್ ಇನ್ನೂ ದೂರದ ಊರಿಗೆ ಹೋಗುತ್ತಿದೆ, ಭಾನುವಾರವೂ ಓಟಿ ನಡೆಯುತ್ತಿದೆ ಅಂದರೆ ಕೊಡಲು ಜಾಗ ಇದೆ. ಲೈನ್‌ಗಳು ಒಂದೊಂದಾಗಿ ನಿಲ್ಲುತ್ತಿವೆ, ಸಂಬಳ ಎರಡು ಕಂತಿನಲ್ಲಿ ಬರುತ್ತಿದೆ ಅಂದರೆ ಜಾಗ ಇಲ್ಲ, ದೊಡ್ಡ ಏರಿಕೆ ಕೇಳುವ ಕಾಲ ಅದಲ್ಲ. ಜಾಗ ಇದ್ದರೂ ಒಂದೇ ಸಲಕ್ಕೆ ಎತ್ತುವುದಕ್ಕಿಂತ ಎರಡು ಮೂರು ವರ್ಷದ ಮೆಟ್ಟಿಲು ಕೇಳುವುದು ಒಳ್ಳೆಯದು. ಮೇಲಿನ ಗೆರೆ ಎಲ್ಲಿದೆ ಅಂತ ಕಾಲಿಟ್ಟು ನೋಡಿಕೊಂಡು ಹತ್ತಬಹುದು.

ಇನ್ನೊಂದು, ಕೂಲಿ ಏರಿದ್ದನ್ನು ಬೇರೆ ಬಾಗಿಲಿನಿಂದ ಕಿತ್ತುಕೊಳ್ಳುವುದು. ಟಾರ್ಗೆಟ್ ಏರಿಸುತ್ತಾರೆ. ಟೈಲರನ್ನು ಕಾಗದದಲ್ಲಿ ಹೆಲ್ಪರ್ ಅಂತ ಬರೆಯುತ್ತಾರೆ. ವ್ಯಾನಿಗೆ ದುಡ್ಡು ಹಿಡಿಯುತ್ತಾರೆ. ಓಟಿಗೆ ಎರಡು ಪಟ್ಟು ಕೊಡಬೇಕಾದ ಕಡೆ ಒಂದು ಪಟ್ಟು ಕೊಡುತ್ತಾರೆ. ಬಿಟ್ಟು ಹೋಗಲಾಗದವರ ಮೇಲೆ ಇದೆಲ್ಲ ಸುಲಭ. ಮೊನಾಪ್ಸನಿ ಕೂಲಿಯಲ್ಲಿ ಮಾತ್ರ ಇರುವುದಿಲ್ಲ, ಶೌಚಾಲಯಕ್ಕೆ ಹೋಗಿಬರುವ ಐದು ನಿಮಿಷದಲ್ಲೂ ಇರುತ್ತದೆ. ಪೇ ಸ್ಲಿಪ್ ಜೋಪಾನ ಮಾಡಿ. ಅದರಲ್ಲಿ ಹುದ್ದೆಯ ಹೆಸರು, ಮೂಲ ವೇತನ, ತುಟ್ಟಿಭತ್ಯೆ, ಓಟಿ ಗಂಟೆ ಈ ನಾಲ್ಕನ್ನು ನೋಡಿ. ಹೊಸ ಸಂಹಿತೆಯಲ್ಲಿ ಕಮ್ಮಿ ಕೊಟ್ಟದ್ದಕ್ಕೆ ಮೂರು ವರ್ಷದೊಳಗೆ ಕ್ಲೇಮ್ ಹಾಕಬಹುದು. ಸ್ಲಿಪ್ ಇಲ್ಲದಿದ್ದರೆ ಆ ಹಕ್ಕು ಇದ್ದೂ ಇಲ್ಲದಂತೆ.

ಬೆಂಗಳೂರಿನ ದರ ನಮಗೂ ಕೊಡಿ ಅನ್ನುವುದು

ಕರ್ನಾಟಕದಲ್ಲಿ ಕನಿಷ್ಠ ಕೂಲಿಯನ್ನು ವಲಯ ಮಾಡಿ ಇಡುತ್ತಾ ಬಂದಿದ್ದಾರೆ. ಬೆಂಗಳೂರಿಗೆ ಜಾಸ್ತಿ, ತಾಲ್ಲೂಕುಗಳಿಗೆ ಕಮ್ಮಿ. ಹಳ್ಳಿಯಲ್ಲಿ ಬಾಡಿಗೆ ಕಮ್ಮಿ, ಖರ್ಚು ಕಮ್ಮಿ ಅನ್ನುವುದು ಇದಕ್ಕೆ ಕೊಡುವ ಕಾರಣ. ನಾನೂ ತುಂಬಾ ವರ್ಷ ಇದನ್ನು ಸರಿ ಅಂತಲೇ ಒಪ್ಪಿದ್ದೆ.

ಈಗ ನನ್ನ ಅಭಿಪ್ರಾಯ ಬದಲಾಗಿದೆ. ಬೆಂಗಳೂರಿನ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಕೆಲಸ ಮಾಡುವವರಿಗೆ ಒಂದು ಗೇಟು ಬಿಟ್ಟರೆ ಇನ್ನೊಂದು ಗೇಟು. ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣದ ಕಡೆ ಹಾಗಿಲ್ಲ. ಅಂದರೆ ಮಾಲೀಕರ ಬಲ ಎಲ್ಲಿ ಜಾಸ್ತಿಯೋ ಅಲ್ಲೇ ಕಾನೂನಿನ ತಳ ಕೆಳಗಿದೆ. ಅಂತರ ದೊಡ್ಡದಿರುವ ಕಡೆಯೇ ಏರಿಕೆಯಿಂದ ಕೆಲಸಕ್ಕೆ ಅಪಾಯ ಕಮ್ಮಿ. ಖರ್ಚಿನ ಲೆಕ್ಕ ಒಂದನ್ನೇ ನೋಡಿ ವಲಯ ಮಾಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

ಆದರೂ ಪೂರ್ತಿ ಸಮ ಮಾಡಿ ಅಂತ ನಾನು ಹೇಳುವುದಿಲ್ಲ. ಕಾರ್ಖಾನೆಗಳು ಬೆಂಗಳೂರು ಬಿಟ್ಟು ಈ ಕಡೆ ಬಂದದ್ದಕ್ಕೆ ಕಮ್ಮಿ ಕೂಲಿಯೂ ಒಂದು ಕಾರಣ. ಸರಕು ಸಾಗಣೆ, ವ್ಯಾನ್ ಖರ್ಚು ಇಲ್ಲಿ ಜಾಸ್ತಿ. ದರ ಒಂದೇ ಆದರೆ ಇನ್ನು ಬರಬೇಕಾದ ಕಾರ್ಖಾನೆ ಬೆಂಗಳೂರಲ್ಲೇ ಉಳಿಯಬಹುದು, ಅಥವಾ ಬೇರೆ ರಾಜ್ಯಕ್ಕೆ ಹೋಗಬಹುದು. ಆಗ ಇಲ್ಲಿ ಕೊಳ್ಳುವವರು ಇನ್ನೂ ಕಮ್ಮಿಯಾಗುತ್ತಾರೆ. ವಲಯಗಳ ನಡುವಿನ ಅಂತರವನ್ನು ವರ್ಷ ವರ್ಷ ಕಿರಿದು ಮಾಡಿ ಅಂತ ಕೇಳುವುದು ಆಗುವ ಕೆಲಸ.

ಬಸ್ಸು, ಬೇರೆ ಕೆಲಸ: ಅಂದರೆ ಆಲೆಮನೆ ಕಟ್ಟುವುದು

ತಳ ಕಟ್ಟುವ ಬದಲು ಬಾಗಿಲು ತೆರೆಯುವ ದಾರಿ ಇದು. ಬಿಟ್ಟು ಹೋಗಲು ಜಾಗ ಇದ್ದರೆ ಮಾಲೀಕರು ಕೇಳದೆಯೇ ಕೂಲಿ ಏರಿಸಬೇಕಾಗುತ್ತದೆ, ಟಾರ್ಗೆಟ್ ಇಳಿಸಬೇಕಾಗುತ್ತದೆ, ಮಾತಿನ ಧಾಟಿಯೂ ಬದಲಾಗುತ್ತದೆ. ಇನ್‌ಸ್ಪೆಕ್ಟರ್ ಬರಬೇಕಾಗಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಹಿಂದಿನ ಆಂಧ್ರಪ್ರದೇಶದ 157 ಮಂಡಲಗಳಲ್ಲಿ ನರೇಗಾ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಸರಿಯಾಗಿ ಮುಟ್ಟಿಸುವ ವ್ಯವಸ್ಥೆ ತಂದರು. ಯಾವ ಮಂಡಲಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರಿಂದ ಹೋಲಿಸುವುದು ಸಾಧ್ಯವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನೋಡಿದಾಗ ಬಡ ಕುಟುಂಬಗಳ ಗಳಿಕೆ ಸುಮಾರು 14 ಪರ್ಸೆಂಟ್ ಏರಿತ್ತು. ಆ ಏರಿಕೆಯ ಬಹುಪಾಲು ನರೇಗಾದಿಂದ ಬಂದದ್ದಲ್ಲ, ಖಾಸಗಿ ಕೂಲಿಯಿಂದ ಬಂದದ್ದು. ಸರ್ಕಾರದ ಕೆಲಸ ನಂಬುವಂತಾದ ಮೇಲೆ ಜಮೀನಿನವರು ಕೂಲಿ ಏರಿಸಬೇಕಾಯಿತು. ಖಾಸಗಿ ಕೆಲಸ ಇಳಿಯುವ ಬದಲು ಹೆಚ್ಚಿತು. ಅದರಲ್ಲೂ ಜಮೀನು ಕೆಲವರ ಕೈಯಲ್ಲೇ ಇದ್ದ ಕಡೆ ಕೆಲಸ ಹೆಚ್ಚಿದ್ದು ಜಾಸ್ತಿ. ಹನ್ನೊಂದು ಜನರ ಲೆಕ್ಕ ಹೊಲದಲ್ಲಿ ನಡೆದದ್ದು ಇದು.

ನಮ್ಮ ಕಡೆ ಬಾಗಿಲು ಅಂದರೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಒಂದು ಕಾರ್ಖಾನೆಯ ವ್ಯಾನಿಗೆ ಕಟ್ಟಿಬಿದ್ದವರಿಗೆ ಇದು ದೊಡ್ಡ ಬಿಡುಗಡೆ ಆಗಬೇಕಿತ್ತು. ಕೆಲವು ಊರಲ್ಲಿ ಆಗಿದೆ ಕೂಡ. ಅಕ್ಕನ ಊರಲ್ಲಿ ಆಗಿಲ್ಲ, ಯಾಕೆಂದರೆ ಮೊದಲ ಬಸ್ಸು ಬರುವುದು ಒಂಬತ್ತೂಕಾಲಿಗೆ, ಶಿಫ್ಟ್ ಶುರುವಾಗುವುದು ಒಂಬತ್ತಕ್ಕೆ. ಪುಕ್ಕಟೆ ಟಿಕೆಟ್‌ಗಿಂತ ಅವರಿಗೆ ಬೇಕಾದದ್ದು ಎಂಟು ಗಂಟೆಯ ಬಸ್ಸು.

ಈ ದಾರಿಯ ಕೊರತೆ ಏನು ಅಂದರೆ, ಇಷ್ಟು ಏರುತ್ತದೆ ಅಂತ ಖಾತ್ರಿ ಇಲ್ಲ. ಬಸ್ಸು ಹೋಗುವ ಕಡೆಯೂ ಅದೇ ಕೂಲಿ ಇದ್ದರೆ ಏನೂ ಕದಲುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರುವವರಿಗೆ ಬಸ್ಸಿಂದ ಉಪಯೋಗವಿಲ್ಲ. ಆದರೆ ಕೆಲಸ ಹೋಗುವ ಅಪಾಯ ಇದರಲ್ಲಿ ಎಲ್ಲಕ್ಕಿಂತ ಕಮ್ಮಿ, ಖರ್ಚೂ ಕಮ್ಮಿ, ಡಿಪೋ ಮ್ಯಾನೇಜರ್ ಮಟ್ಟದಲ್ಲೇ ಆಗಬಹುದು.

ಯೂನಿಯನ್

ಕೊಳ್ಳುವವರು ಒಬ್ಬರಾದರೆ ಮಾರುವವರೂ ಒಬ್ಬರಾಗುವುದು. ಲೆಕ್ಕದ ಪ್ರಕಾರ ಇದು ಕನಿಷ್ಠ ಕೂಲಿಗಿಂತಲೂ ಚೆನ್ನಾಗಿ ಹೊಂದುತ್ತದೆ. ತಮ್ಮ ಕಾರ್ಖಾನೆಯ ₹520 ಎಲ್ಲಿದೆ ಅಂತ ಬೆಂಗಳೂರಿನ ವಿಧಾನಸೌಧಕ್ಕಿಂತ ಒಳಗಿದ್ದವರಿಗೆ ಚೆನ್ನಾಗಿ ಗೊತ್ತು. ಟಾರ್ಗೆಟ್, ಶೌಚಾಲಯ, ಬೈಗುಳ ಇವನ್ನೂ ಮಾತಿಗೆ ತರಬಹುದು. ಸರ್ಕಾರದ ದರಪಟ್ಟಿಯಲ್ಲಿ ಇದು ಯಾವುದೂ ಇರುವುದಿಲ್ಲ.

ಕಷ್ಟ ಏನು ಅಂದರೆ, ಯೂನಿಯನ್ ಯಾವ ಊರಿಗೆ ಹೆಚ್ಚು ಬೇಕೋ ಆ ಊರಲ್ಲೇ ಅದನ್ನು ಕಟ್ಟುವುದು ಹೆಚ್ಚು ಕಷ್ಟ. ಮುಂದೆ ನಿಂತವರನ್ನು ಕೆಲಸದಿಂದ ತೆಗೆದರೆ ಬೇರೆ ಗೇಟು ಇಲ್ಲ. ಹಾಗಾಗಿ ಬಸ್ಸಿಲ್ಲದ ಊರಲ್ಲಿ ಯೂನಿಯನ್ ಮೊದಲು ಅಂತ ನಾನು ಯಾರಿಗೂ ಹೇಳುವುದಿಲ್ಲ. ಸೋತರೆ ಅನುಭವಿಸುವುದು ಅವರು, ನಾನಲ್ಲ.

ಯಾರಿಗೆ ಯಾವುದು

ಒಂದೇ ವ್ಯಾನಿನ ಊರಿನವರು, ಕಾರ್ಖಾನೆ ಬೆಳೆಯುತ್ತಿದ್ದರೆ, ಮೂಲ ದರದ ಪರಿಷ್ಕರಣೆಯನ್ನೂ ಬಸ್ಸನ್ನೂ ಜೊತೆಯಾಗಿ ಕೇಳಿ. ಒಂದು ಇನ್ನೊಂದಕ್ಕೆ ಕಾವಲು. ಹೋಗಲು ಜಾಗ ಇದ್ದಾಗ ಏರಿದ ಕೂಲಿಯನ್ನು ಟಾರ್ಗೆಟ್ಟಿನಲ್ಲಿ ಕಿತ್ತುಕೊಳ್ಳುವುದು ಸುಲಭವಲ್ಲ. ಕಾರ್ಖಾನೆ ಕುಂಟುತ್ತಿದ್ದರೆ ಬಸ್ಸು ಮಾತ್ರ ಕೇಳಿ, ಹಳೇ ಪೇ ಸ್ಲಿಪ್‌ಗಳನ್ನು ಒಟ್ಟು ಮಾಡಿಟ್ಟುಕೊಳ್ಳಿ.

ಮೈಸೂರಿನ ಹೋಟೆಲ್ ಸಪ್ಲೈಯರ್‌ಗಳ ಸ್ಥಿತಿ ಬೇರೆ. ಒಂದು ಹೋಟೆಲ್‌ನಲ್ಲಿ ಬೆಳಿಗ್ಗೆ ಮಾತಿಗೆ ಮಾತು ಬಂದರೆ ಸಂಜೆ ಇನ್ನೊಂದರಲ್ಲಿ ಟೇಬಲ್ ಒರೆಸುತ್ತಿರುತ್ತಾರೆ. ಕೊಳ್ಳುವವರು ತುಂಬಾ. ಇಲ್ಲಿ ದರವನ್ನು ದೊಡ್ಡದಾಗಿ ಏರಿಸಿದರೆ ಮಸಾಲೆ ದೋಸೆಯ ಬೆಲೆ ಏರುತ್ತದೆ, ಚಿಕ್ಕ ಹೋಟೆಲ್‌ನವರು ಸೆಲ್ಫ್ ಸರ್ವಿಸ್ ಮಾಡಿಬಿಡುತ್ತಾರೆ. ಇವರ ನಿಜವಾದ ತೊಂದರೆ ಈಗಿರುವ ದರವೇ ಸಿಗದಿರುವುದು, ವಾರದ ರಜೆ ಇಲ್ಲದಿರುವುದು, ಪಿಎಫ್ ಕಟ್ಟದಿರುವುದು. ಇವರು ಜಾರಿಯನ್ನು ಕೇಳಬೇಕು, ಏರಿಕೆಯನ್ನಲ್ಲ.

ಎಂಟು ಮಷೀನಿನ ನನ್ನ ವಿದ್ಯಾರ್ಥಿ ಹೆಬ್ಬಾಳದಲ್ಲಿದ್ದಾನೆ. ಸುತ್ತ ಹತ್ತು ಘಟಕಗಳಿವೆ. ಅವನಿಗೆ ಬಲ ಇಲ್ಲ, ಅಂತರವೂ ಇಲ್ಲ. ಏರಿಕೆ ಅವನಿಗೆ ನೇರ ಪೆಟ್ಟು. ಅವನ ಆತಂಕವನ್ನು ಸುಳ್ಳು ಅಂತ ತಳ್ಳಿಹಾಕುವುದು ತಪ್ಪು. ಆದರೆ ಅವನ ಉದಾಹರಣೆ ತೋರಿಸಿ ಮದ್ದೂರಿನ ಆರುನೂರು ಜನರ ಕಾರ್ಖಾನೆಗೂ ಅದೇ ವಾದ ಹೂಡುವುದು ಅಷ್ಟೇ ತಪ್ಪು. ನಮ್ಮ ಟಿವಿ ಚರ್ಚೆಗಳಲ್ಲಿ ಪ್ರತಿ ಸಲವೂ ಆಗುವುದು ಇದೇ.

ಸಂಘದವರು ಹೋದ ವಾರ ಮನವಿ ಬರೆದು ಮುಗಿಸಿದರು. ಮೊದಲ ಸಾಲಿನಲ್ಲಿ ಬೆಳಿಗ್ಗೆ ಎಂಟರ ಬಸ್ಸು. ಎರಡನೆಯದರಲ್ಲಿ ಮೂಲ ದರದ ಪರಿಷ್ಕರಣೆ, ಮೂರು ವರ್ಷದ ಮೆಟ್ಟಿಲಿನಲ್ಲಿ. ಮೂರನೆಯದರಲ್ಲಿ ಬೆಂಗಳೂರಿನ ಜೊತೆಗಿನ ಅಂತರ ಕಿರಿದಾಗಬೇಕು ಅನ್ನುವುದು. ಯೂನಿಯನ್ ಮಾತು ಬರೆದಿಲ್ಲ. “ಬಸ್ ಬರ್ಲಿ ಮೇಷ್ಟ್ರೇ, ಆಮೇಲ್ ನೋಡಾನ” ಅಂದರು ಅಕ್ಕ.